ಕ್ರಯಪತ್ರದಲ್ಲಿ ಇಲ್ಲದ ಮಗ

ಮಾನ್ಯ ಸಂಪಾದಕರೇ,

ನಾನು ಸಾಗರದಲ್ಲಿ ಪತ್ರ ಬರಹಗಾರ. ಹಳೆಯ ಕ್ರಯಪತ್ರ, ವಿಭಾಗಪತ್ರಗಳನ್ನು ಓದಿ ಹೇಳುವುದೂ ನನ್ನ ಕೆಲಸವೇ. ಈಚೆಗೆ ಜನ ಮೂಲಪತ್ರದ ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನೂ ತರುತ್ತಿದ್ದಾರೆ. ಮೊಬೈಲಿನಲ್ಲಿ ಪತ್ರದ ಫೋಟೊ ತೆಗೆದು, ಅನುವಾದದ ಆ್ಯಪಿಗೆ ಕೊಟ್ಟು ಪಡೆದ ಪ್ರತಿ ಅದು. ಊರು ಬಿಟ್ಟು ಹೋದವರ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಅವರು ಇದನ್ನೇ ನಂಬುತ್ತಾರೆ. ಅದರಿಂದ ಒಂದು ಮನೆಯಲ್ಲಿ ಏನಾಯಿತು ಅಂತ ಹೇಳಲು ಈ ಪತ್ರ.

ಆ ಮನೆಯವರದು ಅಡಿಕೆ ತೋಟ. ಅಜ್ಜನ ಕಾಲದ ಕ್ರಯಪತ್ರ ಕೈಬರಹದ್ದು, ನಡುವೆ ಮಡಿಸಿ ಮಡಿಸಿ ಸವೆದಿತ್ತು. ಪುಣೆಯಲ್ಲಿರುವ ಮೊಮ್ಮಗ ಅದರ ಇಂಗ್ಲಿಷ್ ಪ್ರತಿ ಮಾಡಿಕೊಂಡಿದ್ದ. ಅದರಲ್ಲಿ ಒಂದು ವಾಕ್ಯದ ಅರ್ಥ ಹೀಗಿತ್ತು: ‘ಪಶ್ಚಿಮದ ಹಳೆಯ ಜಾಗವನ್ನು ಉತ್ತರದವರು ಮಗನಿಗೆ ಬಿಟ್ಟುಕೊಡತಕ್ಕದ್ದು.’ ಯಾವ ಮಗ? ಅಜ್ಜನಿಗೆ ಇಬ್ಬರು ಗಂಡುಮಕ್ಕಳು. ಎರಡೂ ಮನೆಯವರ ನಡುವೆ ಮಾತು ಬೆಳೆದು, ಕೊನೆಗೆ ಮೂಲಪತ್ರ ಹಿಡಿದು ನನ್ನ ಹತ್ತಿರ ಬಂದರು.

ಮೂಲದಲ್ಲಿ ಮಗನೂ ಇರಲಿಲ್ಲ, ಬಿಟ್ಟುಕೊಡುವ ಮಾತೂ ಇರಲಿಲ್ಲ. ಅದು ಬರೀ ಚೆಕ್ಕುಬಂದಿಯ ಸಾಲು. ‘ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಸೊಪ್ಪಿನ ಬೆಟ್ಟ’ ಅಂತ ಇತ್ತು ಅಷ್ಟೆ. ತೋಟದ ಒಂದು ಕಡೆ ಹಳ್ಳ ಹರಿಯುತ್ತದೆ, ಇನ್ನೊಂದು ಕಡೆ ತೋಟಕ್ಕೆ ಸೊಪ್ಪು ತರುವ ಬೆಟ್ಟ ಇದೆ. ನಮ್ಮ ಕಡೆಯ ಪತ್ರಗಳಲ್ಲಿ ಇಂಥ ಸಾಲು ಮಾಮೂಲಿ.

ಹಾಗಾದರೆ ಮಗ ಎಲ್ಲಿಂದ ಬಂದ? ಅವರ ಮೊಬೈಲಿನಲ್ಲೇ ಹುಡುಕಿದೆವು. ಇಂಥ ಆ್ಯಪಿನೊಳಗೆ ಎರಡು ಕೆಲಸ ಒಂದರ ಹಿಂದೆ ಒಂದು ನಡೆಯುತ್ತವೆ. ಮೊದಲು ಫೋಟೊದಲ್ಲಿರುವ ಅಕ್ಷರಗಳನ್ನು ಗುರುತಿಸುವುದು, ಆಮೇಲೆ ಗುರುತಿಸಿದ್ದನ್ನು ಅನುವಾದಿಸುವುದು. ಪರದೆಯ ಮೇಲೆ ನಮಗೆ ಕಾಣುವುದು ಎರಡನೆಯದು ಮಾತ್ರ. ಮೊದಲ ಹಂತದಲ್ಲಿ ಅದು ಏನು ಓದಿಕೊಂಡಿತ್ತು ಅಂತ ತೆರೆದು ನೋಡಿದರೆ, ‘ಪಶಿಮಕೆ ಹಳ ಉತರಕ ಸೂವನ ಬಟ’ ಎಂದಿತ್ತು. ಒತ್ತಕ್ಷರಗಳೆಲ್ಲ ಬಿದ್ದುಹೋಗಿದ್ದವು. ಸಾಲಿನ ಕೆಳಗೆ ಸಣ್ಣದಾಗಿ ಕೂರುವ ಒತ್ತು, ಅಕ್ಷರದ ಪಕ್ಕದ ಕೊಂಬು, ತಲೆಯ ಮೇಲಿನ ಏತ್ವ ಇವುಗಳೇ ಮಸಿ ಮಾಸಿದಾಗ ಮೊದಲು ಹೋಗುವುದು. ಇಂಥ ಮಡಿಕೆ ಬಿದ್ದ ಕಾಗದದಲ್ಲಂತೂ ಕೇಳುವುದೇ ಬೇಡ.

ಅಕ್ಷರ ತಪ್ಪು ಓದಿದ್ದು ದೊಡ್ಡ ಅಪರಾಧವಲ್ಲ. ಆ ಕಾಗದ ಓದಲು ನನಗೂ ಭೂತಗನ್ನಡಿ ಬೇಕಾಯಿತು. ನನ್ನ ಕಳವಳ ಎರಡನೆಯ ಹಂತದ್ದು. ‘ಸೂವನ ಬಟ’ ಎಂದರೆ ಏನೂ ಅಲ್ಲ. ಅದನ್ನು ಕೈಗೆ ಕೊಟ್ಟರೆ ಮನುಷ್ಯನಾದವನು ‘ಇದು ಅರ್ಥವಾಗುತ್ತಿಲ್ಲ’ ಅಂತ ಅಲ್ಲೇ ನಿಲ್ಲುತ್ತಾನೆ. ಯಂತ್ರ ನಿಲ್ಲಲಿಲ್ಲ. ಕಾನೂನಿನ ಧಾಟಿಯಲ್ಲಿ, ವ್ಯಾಕರಣ ಸ್ವಲ್ಪವೂ ತಪ್ಪದೆ ಒಂದು ವಾಕ್ಯ ಕಟ್ಟಿಕೊಟ್ಟಿತು.

ಇದಕ್ಕೆ ಕಾರಣ ಅದು ಕೆಲಸ ಮಾಡುವ ರೀತಿಯಲ್ಲೇ ಇದೆ. ಹಿಂದಿನ ಅನುವಾದ ತಂತ್ರಾಂಶಗಳು ಪದಗಳನ್ನು, ಚಿಕ್ಕ ಚಿಕ್ಕ ಪದಗುಚ್ಛಗಳನ್ನು ಹೊಂದಿಸಿ ಅನುವಾದಿಸುತ್ತಿದ್ದವು. ಗೊತ್ತಿಲ್ಲದ ಪದ ಬಂದರೆ ಸಾಮಾನ್ಯವಾಗಿ ಅದನ್ನು ಕನ್ನಡ ಅಕ್ಷರದಲ್ಲೇ ಹಾಗೇ ಬಿಟ್ಟುಬಿಡುತ್ತಿದ್ದವು. ಇಂಗ್ಲಿಷ್ ಒರಟಾಗಿತ್ತು ನಿಜ. ಆದರೆ ಎಲ್ಲಿ ಮುಗ್ಗರಿಸಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. 2016ರಿಂದ ಗೂಗಲ್ ತನ್ನ ಅನುವಾದವನ್ನು ನ್ಯೂರಲ್ ಎಂಬ ಹೊಸ ವಿಧಾನಕ್ಕೆ ಬದಲಿಸತೊಡಗಿತು. 2017ರಲ್ಲಿ ಅದು ಕನ್ನಡಕ್ಕೂ ಬಂತು. ಈಗ ಇಂಥ ಆ್ಯಪುಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿಯಲ್ಲಿವೆ. ಈ ವಿಧಾನದಲ್ಲಿ ಗೊತ್ತಿಲ್ಲದ ಪದವನ್ನು ಚೂರು ಚೂರು ಮಾಡಿಕೊಳ್ಳುತ್ತಾರೆ. ಚೂರುಗಳೆಲ್ಲ ಯಂತ್ರಕ್ಕೆ ಪರಿಚಿತವೇ. ಆದ್ದರಿಂದ ಅದಕ್ಕೆ ‘ಗೊತ್ತಿಲ್ಲ’ ಎನ್ನುವ ಪದವೇ ಎದುರಾಗುವುದಿಲ್ಲ.

ಆಮೇಲೆ ಅದು ಇಂಗ್ಲಿಷ್ ವಾಕ್ಯವನ್ನು ಒಂದೊಂದೇ ಪದವಾಗಿ ಬರೆಯುತ್ತದೆ. ಪ್ರತಿ ಪದಕ್ಕೂ ಎರಡು ಕಡೆ ನೋಡುತ್ತದೆ. ಒಂದು, ಮುಂದಿರುವ ಕನ್ನಡ. ಇನ್ನೊಂದು, ತಾನೇ ಅಲ್ಲಿಯವರೆಗೆ ಬರೆದ ಇಂಗ್ಲಿಷ್. ಇಂಥ ಪದಗಳ ನಂತರ ಯಾವ ಪದ ಬರುವುದು ರೂಢಿ ಎಂಬುದು ಲಕ್ಷಾಂತರ ವಾಕ್ಯಗಳಿಂದ ಅದಕ್ಕೆ ಅಭ್ಯಾಸವಾಗಿದೆ. ಕನ್ನಡ ಸ್ಪಷ್ಟವಾಗಿದ್ದರೆ ಅದೇ ಕೈ ಹಿಡಿದು ನಡೆಸುತ್ತದೆ. ಕನ್ನಡ ಕಲಸಿಹೋಗಿದ್ದರೆ ಇಂಗ್ಲಿಷಿನ ರೂಢಿಯೇ ಮುಂದೆ ಎಳೆದುಕೊಂಡು ಹೋಗುತ್ತದೆ. ಏನಾದರೂ ಒಂದು ಪದ ಅದು ಆರಿಸಲೇಬೇಕು. ಹಾಗಾಗಿ ಮೂಲ ಎಷ್ಟೇ ಕೆಟ್ಟಿದ್ದರೂ ವಾಕ್ಯ ಮಾತ್ರ ನಯವಾಗಿಯೇ ಇರುತ್ತದೆ.

ಇದು ಕನ್ನಡಕ್ಕೆ ಮಾತ್ರ ಆಗಿದ್ದಲ್ಲ. 2018ರ ಜುಲೈನಲ್ಲಿ ಮದರ್‌ಬೋರ್ಡ್ ಎಂಬ ಸುದ್ದಿತಾಣ ಒಂದು ಸಂಗತಿ ವರದಿ ಮಾಡಿತ್ತು. ಇಂಗ್ಲಿಷಿನ ‘ಡಾಗ್’ ಪದವನ್ನು 19 ಸಲ ಬರೆದು, ಇದು ಮಾವೊರಿ ಭಾಷೆ ಎಂದು ಗೂಗಲ್ ಅನುವಾದಕ್ಕೆ ಕೊಟ್ಟರೆ, ಲೋಕದ ಅಂತ್ಯ ಹತ್ತಿರವಾಗಿದೆ, ಯೇಸು ಮರಳಿ ಬರುತ್ತಾನೆ ಎಂಬ ಅರ್ಥದ ಇಂಗ್ಲಿಷ್ ಬಂದಿತ್ತು. ಕಡಿಮೆ ಪಠ್ಯ ಸಿಗುವ ಭಾಷೆಗಳನ್ನು ಕಲಿಸಲು ಬೈಬಲ್ಲಿನಂಥ ಗ್ರಂಥಗಳನ್ನು ಬಳಸಿರಬಹುದು, ಮೂಲ ಅರ್ಥವಾಗದಾಗ ಯಂತ್ರ ಆ ಧಾಟಿಗೇ ಹೊರಳಿರಬಹುದು ಎಂದು ತಿಳಿದವರು ಆಗ ಹೇಳಿದ್ದರು. ನಮ್ಮ ಕ್ರಯಪತ್ರದಲ್ಲೂ ಆದದ್ದು ಇದೇ ಬಗೆಯದು ಅಂತ ನನಗೆ ಅನಿಸುತ್ತದೆ. ಅಕ್ಕಪಕ್ಕದ ಸಾಲುಗಳೆಲ್ಲ ಆಸ್ತಿಯ ಮಾತು. ಆಸ್ತಿಪತ್ರದಲ್ಲಿ ಮಗ ಬರುವುದು, ಜಾಗ ಬಿಟ್ಟುಕೊಡುವುದು ಸಹಜ ಅಲ್ವಾ? ಅದಕ್ಕೇ ಆ ಸುಳ್ಳು ಎಲ್ಲರಿಗೂ ನಿಜದಂತೆ ಕಂಡಿತು.

ನಂಬಲು ಇನ್ನೊಂದು ಕಾರಣವೂ ಇತ್ತು. ಅದೇ ಪುಟದಲ್ಲಿ ಸರ್ವೆ ನಂಬರ್, ಎಕರೆ-ಗುಂಟೆ, ಕ್ರಯದ ಮೊತ್ತ ಎಲ್ಲವೂ ಸರಿಯಾಗಿ ಬಂದಿದ್ದವು. ‘ನಂಬರೆಲ್ಲ ಸರಿ ಇದೆ, ಉಳಿದದ್ದು ಹೇಗೆ ತಪ್ಪಾಗುತ್ತದೆ?’ ಎಂದು ಮೊಮ್ಮಗ ಫೋನಿನಲ್ಲಿ ಕೇಳಿದ. ಅಂಕಿ ದಪ್ಪಗೆ, ಬಿಡಿಬಿಡಿಯಾಗಿ ಬರೆದಿತ್ತು, ಓದಲು ಸುಲಭ. ಅದಕ್ಕೂ ಮಡಿಕೆಯ ಮೇಲಿನ ಸಾಲಿಗೂ ಸಂಬಂಧವಿಲ್ಲ. ಒಂದು ಪುಟದಲ್ಲಿ ಒಂದು ಸಾಲು ನಿಜ, ಅದರ ಕೆಳಗಿನದು ಕಟ್ಟುಕಥೆ ಆಗಿರಬಹುದು.

ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿದೆವು ಎಂದೂ ಅವರು ಹೇಳಿದರು. ಮೂಲ ಓದಲು ಬಾರದವರಿಗೆ ಅದರಿಂದ ಏನೂ ಸಿಗುವುದಿಲ್ಲ. ಆ ಇಂಗ್ಲಿಷ್ ಸ್ಪಷ್ಟವಾಗಿದೆ. ಹಾಗಾಗಿ ಮಗನೂ ಅಷ್ಟೇ ಸ್ಪಷ್ಟವಾಗಿ ಕನ್ನಡಕ್ಕೆ ವಾಪಸ್ ಬರುತ್ತಾನೆ. ನೋಡಬೇಕಾದದ್ದು ಯಂತ್ರ ಓದಿಕೊಂಡ ಕನ್ನಡವನ್ನು. ಬಹಳಷ್ಟು ಆ್ಯಪುಗಳಲ್ಲಿ ಅದನ್ನು ತೆರೆಯಲು ಆಗುತ್ತದೆ. ಅದು ಕಲಸಿದ್ದರೆ ಅನುವಾದವನ್ನು ಓದಲೇಬಾರದು, ಪಕ್ಕಕ್ಕಿಡಬೇಕು. ಕನ್ನಡ ಬಾರದವರು ಬೇರೆ ಬೆಳಕಿನಲ್ಲಿ ಅದೇ ಸಾಲಿನ ಇನ್ನೊಂದು ಫೋಟೊ ತೆಗೆದು ಕೊಡಲಿ. ಮೂಲವನ್ನು ಹಿಡಿದುಕೊಂಡ ಅನುವಾದ ಒಂದೆರಡು ಪದ ಬದಲಾದರೂ ಅರ್ಥದಲ್ಲಿ ನಿಲ್ಲುತ್ತದೆ. ಕಟ್ಟಿದ ವಾಕ್ಯ ಪೂರ್ತಿ ಬದಲಾಗುತ್ತದೆ. ನಾವು ಕಿಟಕಿಯ ಹತ್ತಿರ ಹಿಡಿದು ತೆಗೆದಾಗ ಮಗ ಮಾಯವಾಗಿ, ಯಾವುದೋ ಬಟ್ಟೆಯ ವಿಷಯ ಬಂತು. ಇದೂ ಪಕ್ಕಾ ಪರೀಕ್ಷೆಯಲ್ಲ, ಎರಡು ಸಲವೂ ಒಂದೇ ತಪ್ಪು ಬರಬಹುದು. ಆದರೆ ಬದಲಾಯಿತು ಎಂದರೆ ನಂಬಬಾರದು ಎಂಬುದು ಖಚಿತ.

ಹೊಸದಾಗಿ ಅಚ್ಚಾದ ಕನ್ನಡ ನೋಟಿಸನ್ನು ಇವೇ ಆ್ಯಪುಗಳು ಸಾಕಷ್ಟು ಚೆನ್ನಾಗಿ ಅನುವಾದಿಸುತ್ತವೆ. ನಾನೂ ಬಳಸುತ್ತೇನೆ. ನನ್ನ ತಕರಾರು ಓದಲಾಗದ ಸಾಲಿನ ಬಗ್ಗೆ ಮಾತ್ರ. ಹಳೆಯ ಪತ್ರದ ನಕಲು ತೆಗೆಯುವಾಗ ನಾವು ಬರಹಗಾರರು ಅಂಥ ಜಾಗದಲ್ಲಿ ‘ಅಕ್ಷರ ಮಾಸಿದೆ’ ಎಂದು ಬರೆದು ಖಾಲಿ ಬಿಡುತ್ತೇವೆ. ಆ್ಯಪು ಮಾಡುವವರೂ ಓದಿಕೊಂಡ ಕನ್ನಡವನ್ನು ಅನುವಾದದ ಪಕ್ಕದಲ್ಲೇ ತೋರಿಸಲಿ, ಅಕ್ಷರ ಸರಿಯಾಗಿ ಸಿಗದ ಸಾಲನ್ನು ಖಾಲಿ ಬಿಡಲಿ. ಬ್ಯಾಂಕಿನವರು, ವಕೀಲರು ಇಂಥ ಪ್ರತಿಗಳನ್ನು ಮೂಲದ ಜೊತೆ ಹೋಲಿಸಿ ಓದಿದವರ ಸಹಿ ಇಲ್ಲದೆ ತೆಗೆದುಕೊಳ್ಳಬಾರದು ಎಂದೂ ಕೇಳಿಕೊಳ್ಳುತ್ತೇನೆ.

— ಒಬ್ಬ ಪತ್ರ ಬರಹಗಾರ, ಸಾಗರ, ಶಿವಮೊಗ್ಗ ಜಿಲ್ಲೆ