ಮೈನಸ್ ಕಂಡಲ್ಲೆಲ್ಲ ನಷ್ಟವಲ್ಲ

ಮಾನ್ಯ ಸಂಪಾದಕರೇ,

ಚಾಲ್ತಿ ಖಾತೆ ಕೊರತೆಯನ್ನು ‘ಪಾವತಿ ಶಿಲ್ಕಿನ ಕೊರತೆ’ ಎಂದು ಬರೆಯುವ ರೂಢಿ ಪತ್ರಿಕೆಗಳಲ್ಲಿ ಇನ್ನೂ ಹೋಗಿಲ್ಲ. ಚಾಲ್ತಿ ಖಾತೆ ಎಂದರೆ ಸರಕು, ಸೇವೆ, ಆದಾಯಗಳ ವಿದೇಶಿ ವ್ಯವಹಾರದ ಲೆಕ್ಕ; ಪಾವತಿ ಶಿಲ್ಕು ಎಂದರೆ ಅದರ ಜೊತೆಗೆ ಬಂಡವಾಳದ ಹರಿವೂ ಸೇರಿದ ಒಟ್ಟು ಲೆಕ್ಕ. ಎರಡೂ ಒಂದೇ ಅಲ್ಲ ಎಂಬುದಕ್ಕೆ 2012–13ರ ಲೆಕ್ಕ ನೋಡಿದರೆ ಸಾಕು.

ಆ ವರ್ಷ ಭಾರತದ ಚಾಲ್ತಿ ಖಾತೆ ಕೊರತೆ ಸುಮಾರು 88 ಬಿಲಿಯನ್ ಡಾಲರ್, ಅಂದರೆ ಜಿಡಿಪಿಯ ಶೇ 4.8. ತೈಲ ಮತ್ತು ಚಿನ್ನದ ಆಮದು ಇದಕ್ಕೆ ಮುಖ್ಯ ಕಾರಣ. ಆದರೆ ಹೂಡಿಕೆ, ಸಾಲ, ಅನಿವಾಸಿ ಭಾರತೀಯರ ಠೇವಣಿಗಳೆಲ್ಲ ಸೇರಿ ಬಂಡವಾಳ ಖಾತೆಗೆ ನಿವ್ವಳ 89 ಬಿಲಿಯನ್‌ನಷ್ಟು ಬಂತು. ಲೆಕ್ಕಕ್ಕೆ ಸಿಗದ ಅಲ್ಪ ಮೊತ್ತವೂ ಸೇರಿ ವಿದೇಶಿ ವಿನಿಮಯ ಮೀಸಲು ಸುಮಾರು 4 ಬಿಲಿಯನ್ ಏರಿತು. ರಿಸರ್ವ್ ಬ್ಯಾಂಕಿನ ಪಟ್ಟಿಯಲ್ಲಿ ಈ ಏರಿಕೆಯ ಮುಂದೆ ಇರುವುದು ಮೈನಸ್ ಚಿಹ್ನೆ! ಡಾಲರ್ ಕೊಂಡು ಮೀಸಲಿಗೆ ಸೇರಿಸುವುದು ವಿದೇಶಿ ಆಸ್ತಿಯ ಖರೀದಿ, ಆದ್ದರಿಂದ ಅದು ಖರ್ಚಿನ ಬದಿಗೆ ಬೀಳುತ್ತದೆ. ಹಾಗೆ ಬರೆದಾಗಲೇ ಒಟ್ಟು ಮೊತ್ತ ಸೊನ್ನೆಯಾಗುವುದು.

ಹಾಗಾದರೆ ಕೊರತೆಯ ಅರ್ಥವೇನು? ದೇಶದ ಹೂಡಿಕೆ ದೇಶದ ಉಳಿತಾಯವನ್ನು ಮೀರಿದೆ, ಆ ಅಂತರವನ್ನು ಹೊರಗಿನವರು ತುಂಬಿದ್ದಾರೆ ಎಂದಷ್ಟೇ. ತುಂಬಿದ ಹಣ ಎಂಥದ್ದು ಎಂಬುದೇ ನಿಜವಾದ ಪ್ರಶ್ನೆ. ಕಾರ್ಖಾನೆ ಕಟ್ಟಲು ಬಂದ ಬಂಡವಾಳ ರಾತ್ರೋರಾತ್ರಿ ಹೋಗದು. ಸಾಲಪತ್ರಗಳಿಗೆ ಬಂದದ್ದು ಹೋಗುತ್ತದೆ. 2013ರ ಮೇನಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಬಾಂಡ್ ಖರೀದಿ ತಗ್ಗಿಸುವ ಸುಳಿವು ಕೊಟ್ಟಿದ್ದೇ ತಡ, ಆ ಹಣ ಹೊರಟಿತು. ಆಗಸ್ಟ್ ಕೊನೆಗೆ ಡಾಲರ್ ಬೆಲೆ 68 ರೂಪಾಯಿ ದಾಟಿತ್ತು.

– ಓದುಗ, ಮೈಸೂರು