ಡು ಮತ್ತು ವು

ಪುಟ್ಟಿ,

ಮೊನ್ನೆ ನೀನು ಫೋನ್ ಇಟ್ಟ ಮೇಲೆ ನಾನು ಮತ್ತೆ ಮಾಡಲಿಲ್ಲ. ಆಡಿದ ಮಾತೆಲ್ಲ ಇಬ್ಬರಿಗೂ ನೆನಪಿದೆ, ಬಿಡು. ಅಜ್ಜಿಯ ಕೊನೆಯ ಚೀಟಿಯನ್ನು ನಾನು ತಪ್ಪಾಗಿ ಓದಿದ್ದೆ. ಅದನ್ನು ಹೇಳುವುದಕ್ಕೇ ಈ ಪತ್ರ.

‘ಅವಳು ಬಂದರೆ ನೋವು’ ಅಂತ ಓದಿದ್ದೆ. ಅದು ‘ನೋಡು’.

ನಿನ್ನೆ ಕೂತು ಚೀಟಿಯನ್ನು ದೊಡ್ಡದಾಗಿ ಜೆರಾಕ್ಸ್ ಮಾಡಿಸಿದೆ. ಅರ್ಥದ ಗೊಡವೆಗೇ ಹೋಗಲಿಲ್ಲ. ಮೊದಲು ಅನುಮಾನವೇ ಇಲ್ಲದ ಪದಗಳಿಗೆ ಮಾತ್ರ ಗೆರೆ ಎಳೆದೆ. ಮೇಲಿನ ಸಾಲುಗಳಲ್ಲಿ ಕೈ ಇನ್ನೂ ದಣಿದಿರಲಿಲ್ಲ. ಅಲ್ಲಿ ‘ಕೊಡು’ ಎರಡು ಸಲ, ‘ಇಡು’ ಒಂದು ಸಲ, ‘ಹೂವು’ ಒಂದು, ‘ಬೇವು’ ಒಂದು ಸಿಕ್ಕಿದವು. ಅವನ್ನು ತೆಳು ಹಾಳೆ ಇಟ್ಟು ತಿದ್ದಿ ತೆಗೆದು, ಡು ಎಲ್ಲ ಒಂದು ಕಡೆ, ವು ಎಲ್ಲ ಒಂದು ಕಡೆ ಸಾಲಾಗಿ ಇಟ್ಟೆ.

ಅಜ್ಜಿಯ ಕೈ ನಡುಕ ಪ್ರತಿ ಸಲ ಬೇರೆ ಕಡೆ ಬೀಳುತ್ತದೆ. ಒಂದು ಡು ಹೊಟ್ಟೆಯಲ್ಲಿ ಅಲುಗಿದೆ, ಇನ್ನೊಂದು ತಲೆಕಟ್ಟಿನಲ್ಲಿ. ಆದರೆ ಮೂರರಲ್ಲೂ ಕೊಂಬು ಮೇಲಿನಿಂದಲೇ ಹೊರಟಿದೆ. ವುನಲ್ಲಿ ಅದು ಬುಡದಿಂದ ಹೊರಡುತ್ತದೆ, ಇಲ್ಲದಿದ್ದರೆ ಮ ಥರ ಕಾಣುತ್ತದಲ್ವಾ. ಎರಡು ವುಗಳಲ್ಲೂ ಹಾಗೇ ಇದೆ. ಎಲ್ಲದರಲ್ಲೂ ಬರುವುದು ಅಕ್ಷರ, ಒಂದರಲ್ಲಷ್ಟೇ ಬರುವುದು ನಡುಕ. ನಾನು ‘ನೋವು’ ಅಂದುಕೊಂಡ ಕಡೆ ಹೊಟ್ಟೆ ಗುಂಡಗೆ ಮುಚ್ಚಿಕೊಂಡಿತ್ತು, ಅದಕ್ಕೇ ಮೋಸ ಹೋದೆ. ಕೊಂಬು ಮಾತ್ರ ಮೇಲಿದೆ.

ಅಲ್ಲಿಂದ ಮುಂದಿನದನ್ನು ನಾನು ಓದಿಯೇ ಇರಲಿಲ್ಲ. ಸಾಲಿನ ತುದಿಗೆ ಅಕ್ಷರ ಸಣ್ಣದಾಗುತ್ತಾ ಹೋಗಿದೆ. ಅದೇ ರೀತಿ ಹೋಲಿಸಿ ಬಿಡಿಸಿದೆ: ‘ಅವಳು ಬಂದರೆ ನೋಡು, ಈ ಡಬ್ಬಿ ಕೊಡು’.

ಬರೆಯುವಾಗ ಅಜ್ಜಿ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಳ್ಳುತ್ತಿದ್ದಳು. ನಾನು ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿರುತ್ತಿದ್ದೆ. ಏನಮ್ಮಾ ಅದು ಅಂತ ಒಂದು ಸಲವೂ ಕೇಳಲಿಲ್ಲ. ಎಡಗೈ ಬೆರಳು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿಯುತ್ತಿದ್ದಳು. ಕೇಳಬಹುದಿತ್ತು. ಪೇಪರ್ ಮಡಚಿಟ್ಟು ಕೇಳಬಹುದಿತ್ತು. ಈಗ ನನ್ನ ಸಹಿಯೂ ಸ್ವಲ್ಪ ಅಲುಗುತ್ತಿದೆ. ಅದಕ್ಕೆ ಹೇಳುತ್ತೇನೆ, ಯಾರ ಬರಹವನ್ನೇ ಓದು, ಅದೇ ಪುಟದ ಅಕ್ಷರಗಳ ಜೊತೆಗೇ ಹೋಲಿಸು. ಹಳೆಯ ಪತ್ರ ತಂದು ಹೋಲಿಸಬೇಡ, ಆಗಿನ ಕೈ ಬೇರೆ. ಗೊತ್ತಾಗದ ಕಡೆ ಚುಕ್ಕೆ ಇಡು, ಊಹೆ ಬರೆಯಬೇಡ. ಒಮ್ಮೆ ಊಹೆ ಬರೆದರೆ ಕಣ್ಣಿಗೆ ಅದೇ ಕಾಣುತ್ತದೆ. ನೋಡು, ಪಾಠ ಶುರು ಮಾಡಿಬಿಟ್ಟೆ. ನಾನೇ ಮಾಡದ್ದನ್ನು ನಿನಗೆ ಹೇಳುತ್ತಿದ್ದೇನೆ.

ನೀನಾಗಿದ್ದರೆ ಅವತ್ತೇ ಸರಿಯಾಗಿ ಓದುತ್ತಿದ್ದೆ. ‘ಅಜ್ಜಿ ಹಾಗೆ ಬರೆಯಲ್ಲ ಅಪ್ಪಾ’ ಅಂದೆಯಲ್ಲ, ಪುಟ ನೋಡದೆಯೇ. ನನ್ನ ತಪ್ಪು, ಪುಟ್ಟಿ.

ಕೆಳಗೆ ಇನ್ನೊಂದು ಪದ ಉಳಿದಿದೆ. ಅದರ ನಡುವಿನ ಒತ್ತಕ್ಷರ ಪುಟದಲ್ಲಿ ಬೇರೆಲ್ಲೂ ಬಂದಿಲ್ಲ, ಹೋಲಿಸಲು ಜೋಡಿಯೇ ಇಲ್ಲ. ಚುಕ್ಕೆ ಇಟ್ಟಿದ್ದೇನೆ. ಚೀಟಿ, ಡಬ್ಬಿ ಎರಡನ್ನೂ ಕಳಿಸುತ್ತಿದ್ದೇನೆ. ಡಬ್ಬಿ ನಾನು ತೆರೆದಿಲ್ಲ.

ಅಪ್ಪ