ಐದು ಬೆಂಕಿ, ಒಂದು ನಗು

ಮಾನ್ಯ ಸಂಪಾದಕರೇ,

2023ರ ಸೆಪ್ಟೆಂಬರ್‌ನಲ್ಲಿ ಕಾವೇರಿ ನೀರಿಗಾಗಿ ಬೆಂಗಳೂರು ಬಂದ್ ಆದಾಗ ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಒಣಗಿದ ಗದ್ದೆಯ ಫೋಟೊ ಬಂತು. ಕೆಳಗಿದ್ದ ಎರಡು ಸಾಲಿನಲ್ಲಿ ತಪ್ಪೇನಿರಲಿಲ್ಲ. ಕೊನೆಯಲ್ಲಿ ಮಾತ್ರ ಐದು ಬೆಂಕಿಯ ಎಮೋಜಿ. ಹಾಕಿದ ಹುಡುಗನಿಗೆ ಅದು 'ಸೂಪರ್' ಅನ್ನುವ ಗುರುತು ಅಷ್ಟೇ. ಆದರೆ 2016ರಲ್ಲಿ ಇದೇ ಜಗಳಕ್ಕೆ ನಮ್ಮ ಊರಿನಲ್ಲೇ ತಮಿಳುನಾಡಿನ ಬಸ್ಸುಗಳು ಸುಟ್ಟಿದ್ದವು. ಪಕ್ಕದ ಬೀದಿಯ ತಮಿಳು ಮನೆಯವರು ಆ ಐದು ಬೆಂಕಿಯನ್ನು ಹೇಗೆ ಓದಿಕೊಂಡಿರಬೇಕು? ಅವರು ಅಂದು ರಾತ್ರಿಯೇ ಗ್ರೂಪ್ ಬಿಟ್ಟರು.

ಮಂಡ್ಯ ಕಡೆಯ ಒಬ್ಬರು ತಮ್ಮ ಅಣ್ಣನ ಭತ್ತ ಒಣಗಿದ್ದನ್ನು ಬರೆದರೆ, ಯಾರೋ ಕಣ್ಣೀರು ಬರುವಂತೆ ನಗುವ ಮುಖ ಒತ್ತಿದರು. ಬೆರಳು ತಪ್ಪಿತೋ, ಸುಮ್ನೆ ಕುಚೋದ್ಯವೋ ಗೊತ್ತಾಗಲಿಲ್ಲ. ಮಾತಾಗಿದ್ದರೆ ತಿರುಗಿ ಕೇಳಬಹುದಿತ್ತು. ನಗುವ ಮುಖವನ್ನು ಏನಂತ ಕೇಳುವುದು?

ಫೇಸ್‌ಬುಕ್‌ನಲ್ಲಿ ಇದು ಇನ್ನೂ ಜಾಸ್ತಿ. 2017ರಲ್ಲಿ ಅದು ಕೋಪದ ಮುಖ ಸೇರಿದಂತೆ ಎಲ್ಲ ಎಮೋಜಿಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ಜನ ಸಿಟ್ಟಾದಷ್ಟೂ ಪೋಸ್ಟ್ ಹೆಚ್ಚು ಮಂದಿಗೆ ಕಾಣುತ್ತಿತ್ತು. ಕೋಪದ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ.

ನಮ್ಮ ಗ್ರೂಪಿನಲ್ಲಿ ಈಗ ನೀರು, ಚುನಾವಣೆ, ಸಾವಿನ ಸುದ್ದಿಗೆ ಎಮೋಜಿ ಬೇಡ ಅಂತ ಮಾಡಿಕೊಂಡಿದ್ದೇವೆ. ಕೈ ಮುಗಿಯುವುದೊಂದಕ್ಕೆ ಮಾತ್ರ ವಿನಾಯಿತಿ. ಗ್ರೂಪ್ ಬಿಟ್ಟವರು ಇನ್ನೂ ವಾಪಸ್ ಬಂದಿಲ್ಲ.

— ಒಬ್ಬ ಓದುಗ, ಬೆಂಗಳೂರು